ಹಾಡು ಯಾರದ್ದು? ಬರೆದವರದ್ದೋ, ಹಾಡಿದವರದ್ದೋ, ಕಾಗದ ಇದ್ದವರದ್ದೋ?

ಹಳೆಯ ಮಾಪಿಳ್ಳೆ ಹಾಡಿನ ಒಂದು ತುಣುಕು ಎತ್ತಿ, ಅದಕ್ಕೆ ಹೊಸ ಬೀಟ್ ಸೇರಿಸಿ ಯೂಟ್ಯೂಬಿಗೆ ಹಾಕುವ ಹುಡುಗರು ಈಗ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಎಲ್ಲ ಊರಿನಲ್ಲೂ ಇದ್ದಾರೆ. ಕಾಪಿರೈಟ್ ಕ್ಲೇಮ್ ಬಂದಾಗ ಅವರಿಂದ ಕೇಳುವ ಮಾತು ಮೂರು: "ಹಳೇ ಹಾಡಲ್ವಾ?", "ಏಳು ಸೆಕೆಂಡಿಗಿಂತ ಕಡಿಮೆ ತೆಗೆದದ್ದು", "ಹಾಡಿದವರ ಹೆಸರು ಹಾಕಿದ್ದೇವಲ್ಲ". ಈ ಮೂರೂ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಯಾಕೆ ನಿಲ್ಲುವುದಿಲ್ಲ ಎಂದು ತಿಳಿಯಲು ಮೊದಲು ಒಂದು ಹಾಡಿನೊಳಗೆ ಎಷ್ಟು ಆಸ್ತಿ ಇದೆ ಎಂದು ನೋಡಬೇಕು.

ಒಂದೇ ಹಾಡು, ಮೂರು ಆಸ್ತಿ

ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಾಡಿನ ಸಾಹಿತ್ಯ ಒಂದು ಕೃತಿ, ರಾಗ ಸಂಯೋಜನೆ ಇನ್ನೊಂದು ಕೃತಿ, ಸ್ಟುಡಿಯೋದಲ್ಲಿ ಆದ ಧ್ವನಿಮುದ್ರಣ ಮೂರನೆಯದು. ಪೇಟೆಯ ಒಂದು ಕಟ್ಟಡವನ್ನು ನೆನೆಯಿರಿ. ಜಾಗ ಒಬ್ಬರದ್ದು, ಕೋಣೆ ಕಟ್ಟಿದ್ದು ಇನ್ನೊಬ್ಬರು, ಒಳಗಿರುವ ಸಾಮಾನು ಮೂರನೆಯವರದ್ದು. ಅಂಗಡಿಯವನ ಒಪ್ಪಿಗೆ ಸಿಕ್ಕಿತೆಂದು ಜಾಗ ನಮ್ಮದಾಗುವುದಿಲ್ಲ. ಹಾಡೂ ಹಾಗೆಯೇ.

ಸ್ಯಾಂಪ್ಲಿಂಗ್ ಅಂದರೆ ಇನ್ನೊಬ್ಬರ ರೆಕಾರ್ಡಿಂಗಿನ ತುಣುಕನ್ನೇ ಕತ್ತರಿಸಿ ಹೊಸ ಹಾಡಿನಲ್ಲಿ ಇಡುವುದು. ಇಲ್ಲಿ ಮೂರೂ ಆಸ್ತಿಗೆ ಕೈ ಹಾಕಿದ ಹಾಗೆ. ಅದೇ ಹಾಡನ್ನು ನಮ್ಮದೇ ಧ್ವನಿಯಲ್ಲಿ ಹೊಸದಾಗಿ ಹಾಡಿದರೆ ಸಾಹಿತ್ಯ ಮತ್ತು ರಾಗದ ಪ್ರಶ್ನೆ ಉಳಿಯುತ್ತದೆ, ಹಳೆಯ ರೆಕಾರ್ಡಿಂಗಿನ ಪ್ರಶ್ನೆ ಬರುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ದೊಡ್ಡವರೂ ಎಡವಿದ್ದಾರೆ.

ಬಪ್ಪಿ ಲಹಿರಿಯ ರಾಗ ಅಮೆರಿಕಕ್ಕೆ ಹೋದ ಕಥೆ

1981ರಲ್ಲಿ 'ಜ್ಯೋತಿ' ಎಂಬ ಹಿಂದಿ ಸಿನಿಮಾ ಬಂತು. ಅದರಲ್ಲಿ 'ಥೋಡಾ ರೇಶಮ್ ಲಗ್ತಾ ಹೈ' ಎಂಬ ಹಾಡು. ಸಂಗೀತ ಬಪ್ಪಿ ಲಹಿರಿ, ಹಾಡಿದವರು ಲತಾ ಮಂಗೇಶ್ಕರ್. ಸಿನಿಮಾದ ಜೊತೆ ಆ ಹಾಡನ್ನೂ ಜನ ಹೆಚ್ಚು ಕಡಿಮೆ ಮರೆತಿದ್ದರು.

2002ರಲ್ಲಿ ಅಮೆರಿಕದಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ 'ಅಡಿಕ್ಟಿವ್' ಎಂಬ ಹಾಡು ಬಿಡುಗಡೆಯಾಗಿ, ಅಲ್ಲಿಯ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ನಿರ್ಮಿಸಿದವರು ಡಿಜೆ ಕ್ವಿಕ್, ಹೊರತಂದದ್ದು ಡಾ. ಡ್ರೆ ಅವರ ಆಫ್ಟರ್‌ಮಾತ್ ಕಂಪನಿ. ಆ ಹಾಡಿನ ಬೀಟಿನ ಕೆಳಗೆ ಮತ್ತೆ ಮತ್ತೆ ಕೇಳಿಸುತ್ತಿದ್ದದ್ದು ಲತಾ ಮಂಗೇಶ್ಕರ್ ಅವರದ್ದೇ ಧ್ವನಿ. ಟಿವಿಯಲ್ಲಿ ಕೇಳಿ ಇಷ್ಟಪಟ್ಟ ಹಾಡನ್ನು ಡಿಜೆ ಕ್ವಿಕ್ ಹಾಗೆಯೇ ಎತ್ತಿಕೊಂಡಿದ್ದರು. ಯಾರ ಒಪ್ಪಿಗೆಯೂ ಇರಲಿಲ್ಲ, ಸಿಡಿಯ ಮೇಲೆ ಇವರ ಯಾರ ಹೆಸರೂ ಇರಲಿಲ್ಲ.

ಹಾಡಿನ ಹಕ್ಕು ತನ್ನದು ಎಂದು ಸರೆಗಮ ಕಂಪನಿ ಅಮೆರಿಕದ ಕೋರ್ಟಿಗೆ ಹೋಯಿತು. ಬಪ್ಪಿ ಲಹಿರಿ ಬೇರೆಯೇ ಕೇಸು ಹಾಕಿದರು. 2003ರಲ್ಲಿ ಲಾಸ್ ಏಂಜಲೀಸಿನ ಕೋರ್ಟು, ಬಪ್ಪಿ ಲಹಿರಿಯವರ ಹೆಸರು ನಮೂದಿಸದೆ ಆ ಆಲ್ಬಂ ಮಾರಬಾರದು ಎಂದು ತಡೆ ಕೊಟ್ಟಿತು. ಭಾರತದ ಸಂಗೀತ ನಿರ್ದೇಶಕನಿಗೆ ದೊಡ್ಡ ಜಯ ಎಂದು ಪತ್ರಿಕೆಗಳು ಬರೆದವು. ಹೆಚ್ಚಿನವರಿಗೆ ಗೊತ್ತಿರುವ ಕಥೆ ಇಲ್ಲಿಗೇ ಮುಗಿಯುತ್ತದೆ.

ನಿಜವಾದ ಪಾಠ ಇರುವುದು ನಂತರದ ಭಾಗದಲ್ಲಿ. ಕೇಸು ಮುಂದುವರಿದಾಗ ಎದುರು ಪಕ್ಷದವರು ಕೇಳಿದ್ದು ಒಂದೇ ಪ್ರಶ್ನೆ: ರಾಗ ಮಾಡಿದ್ದು ನೀವೇ ಇರಬಹುದು, ಆದರೆ ಹಕ್ಕು ನಿಮ್ಮ ಹತ್ತಿರ ಇದೆಯಾ? ಹಾಡು ತಯಾರಾದದ್ದು ಭಾರತದಲ್ಲಿ. ಆದ್ದರಿಂದ ಮಾಲೀಕ ಯಾರು ಎಂಬುದನ್ನು ಅಮೆರಿಕದ ಕೋರ್ಟು ಭಾರತದ ಕಾನೂನಿನ ಪ್ರಕಾರ ನೋಡಿತು. ನಿರ್ಮಾಪಕರಾದ ಪ್ರಮೋದ್ ಫಿಲ್ಮ್ಸ್‌ನವರು ಹಣ ಕೊಟ್ಟು ಸಿನಿಮಾಕ್ಕಾಗಿ ಮಾಡಿಸಿದ ಸಂಗೀತ ಅದು. ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಮಾಲೀಕ ನಿರ್ಮಾಪಕನೇ. ಅವರು ಆ ಹಕ್ಕನ್ನು ಸರೆಗಮಕ್ಕೆ ಕೊಟ್ಟಾಗಿತ್ತು. ಹೀಗಾಗಿ ರಾಗ ಹುಟ್ಟಿಸಿದ ಬಪ್ಪಿ ಲಹಿರಿಯವರ ಕೇಸು ಬಿದ್ದುಹೋಯಿತು. ಹಕ್ಕಿನ ದಾಖಲೆ ಸರಿಯಾಗಿ ನೋಡದೆ ಕೇಸು ನಡೆಸಿದರು ಎಂದು ಅವರ ವಕೀಲರ ಮೇಲೆ ಸುಮಾರು ಎರಡೂವರೆ ಲಕ್ಷ ಡಾಲರ್ ದಂಡವೂ ಬಿತ್ತು. 2010ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಎತ್ತಿಹಿಡಿಯಿತು.

ಅಂದರೆ ಅಮೆರಿಕದವರು ಕೇಳದೆ ತೆಗೆದದ್ದು ತಪ್ಪು ಹೌದು. ಆದರೆ ಅದನ್ನು ಪ್ರಶ್ನಿಸುವ ಅಧಿಕಾರ ರಾಗ ಮಾಡಿದವರ ಕೈಯಲ್ಲಿ ಉಳಿದಿರಲಿಲ್ಲ. ಕರ್ತೃ ಬೇರೆ, ಮಾಲೀಕ ಬೇರೆ.

ನಮ್ಮ ಕಾನೂನು ಎಲ್ಲಿಂದ ಎಲ್ಲಿಗೆ ಬಂತು

ಹೀಗೆ ಆಗಲು ಕಾರಣ 1977ರ ಸುಪ್ರೀಂ ಕೋರ್ಟ್ ತೀರ್ಪು. ಸಿನಿಮಾಕ್ಕಾಗಿ ದುಡ್ಡು ಪಡೆದು ಹಾಡು ಬರೆದವರು, ರಾಗ ಹಾಕಿದವರು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ನಿರ್ಮಾಪಕನೇ ಮಾಲೀಕ ಎಂದು ಕೋರ್ಟು ಹೇಳಿತು. ಆ ಪೀಠದಲ್ಲಿ ಇದ್ದವರು ಹಿಂದೆ ತಲಶ್ಶೇರಿಯಲ್ಲಿ ವಕೀಲರಾಗಿದ್ದ ಜಸ್ಟಿಸ್ ವಿ.ಆರ್. ಕೃಷ್ಣ ಅಯ್ಯರ್. ತೀರ್ಪಿಗೆ ಒಪ್ಪಿಗೆ ಕೊಟ್ಟರೂ, ಹಾಡುವವರಿಗೆ ಕಾಯ್ದೆಯಲ್ಲಿ ಯಾವ ಹಕ್ಕೂ ಇಲ್ಲ ಎಂಬ ಕೊರತೆಯ ಬಗ್ಗೆ ಅವರು ಪ್ರತ್ಯೇಕವಾಗಿ ಬರೆದರು. ಗಾಯಕರಿಗೆ ಕಾಯ್ದೆಯಲ್ಲಿ ಹಕ್ಕು ಸಿಕ್ಕಿದ್ದು 1994ರಲ್ಲಿ.

ದೊಡ್ಡ ಬದಲಾವಣೆ 2012ರ ತಿದ್ದುಪಡಿ. ಇದಕ್ಕಾಗಿ ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ನಿಂತು ಮಾತಾಡಿದರು. ಈಗ ಸಿನಿಮಾಕ್ಕೆ ಹಾಡು ಕೊಟ್ಟರೂ, ಥಿಯೇಟರಿನಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಬೇರೆ ಯಾವ ರೀತಿ ಬಳಸಿದರೂ ಬರುವ ರಾಯಲ್ಟಿಯಲ್ಲಿ ಸಾಹಿತ್ಯ ಮತ್ತು ಸಂಗೀತ ಮಾಡಿದವರಿಗೆ ಸಮಪಾಲು ಇದೆ. "ನನಗೆ ಬೇಡ" ಎಂದು ಅವರಿಂದ ಬರೆಸಿಕೊಂಡರೂ ಆ ಬರಹ ನಡೆಯುವುದಿಲ್ಲ. ಇದಲ್ಲದೆ ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ಹಾಳುಗೆಡವಿ ತನ್ನ ಗೌರವಕ್ಕೆ ಕುಂದು ತಂದರೆ ತಡೆಯುವ ಹಕ್ಕು, ಮಾರಿದ ಮೇಲೂ ಕರ್ತೃವಿನಲ್ಲೇ ಉಳಿಯುತ್ತದೆ.

ನಮ್ಮ ಹಾಡುಗಳ ಲೆಕ್ಕ

ಈಗ ಮೊದಲಿನ ಮೂರು ಮಾತಿಗೆ ಬರೋಣ.

"ಹಳೇ ಹಾಡಲ್ವಾ?" ಎಂಬುದಕ್ಕೆ ಲೆಕ್ಕ ಇದೆ. ಸಾಹಿತ್ಯ ಮತ್ತು ರಾಗಕ್ಕೆ ಕರ್ತೃ ತೀರಿಕೊಂಡ ಮೇಲೆ 60 ವರ್ಷ, ರೆಕಾರ್ಡಿಂಗಿಗೆ ಬಿಡುಗಡೆಯಾದ ಮೇಲೆ 60 ವರ್ಷ ರಕ್ಷಣೆ. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ ತೀರಿಕೊಂಡದ್ದು 1892ರಲ್ಲಿ. ಅವರ ಸಾಲುಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಅದೇ ಸಾಲುಗಳನ್ನು 1990ರಲ್ಲಿ ಯಾರೋ ಹಾಡಿ ಕ್ಯಾಸೆಟ್ ಮಾಡಿದ್ದರೆ ಆ ಕ್ಯಾಸೆಟಿನ ಧ್ವನಿ ಈಗಲೂ ಕಂಪನಿಯ ಸೊತ್ತು. ಅದಕ್ಕೆ ಹೊಸ ರಾಗ ಹಾಕಿದ್ದರೆ ರಾಗವೂ ಮುಕ್ತ ಅಲ್ಲ. ಸಾಹಿತ್ಯ ನಮ್ಮೆಲ್ಲರದ್ದು, ರೆಕಾರ್ಡಿಂಗ್ ಅಲ್ಲ. ಕ್ಯಾಸೆಟ್ ಕವರಿನಲ್ಲಿ ℗ ಎಂಬ ಗುರುತಿನ ಪಕ್ಕ ಇರುವ ವರ್ಷ ಮತ್ತು ಹೆಸರು ರೆಕಾರ್ಡಿಂಗಿನ ಮಾಲೀಕನನ್ನು ಹುಡುಕಲು ಮೊದಲ ಸುಳಿವು.

ಇನ್ನೊಂದು ಅಪಾಯ, ಬರೆದವರು ಇದ್ದರೂ "ಇದು ಹಿಂದಿನಿಂದ ಬಂದ ಹಾಡು" ಎಂದು ತಿಳಿಯುವುದು. 2018ರಲ್ಲಿ 'ಒರು ಅಡಾರ್ ಲವ್' ಸಿನಿಮಾದಿಂದ 'ಮಾಣಿಕ್ಯ ಮಲರಾಯ ಪೂವಿ' ಇಡೀ ದೇಶಕ್ಕೆ ಗೊತ್ತಾಯಿತು. ಮಲಬಾರಿನ ಮದುವೆ ಮನೆಗಳಲ್ಲಿ ಎಷ್ಟೋ ವರ್ಷದಿಂದ ಹಾಡುತ್ತಿದ್ದ ಆ ಹಾಡಿಗೆ ಕರ್ತೃ ಒಬ್ಬರು ಇದ್ದಾರೆ ಎಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 1978ರಲ್ಲಿ ಅದನ್ನು ಬರೆದ ಪಿ.ಎಂ.ಎ. ಜಬ್ಬಾರ್ ಆಗ ರಿಯಾದಿನ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ರಾಗ ತಲಶ್ಶೇರಿ ರಫೀಕ್ ಅವರದ್ದು. ಬಾಯಿಂದ ಬಾಯಿಗೆ ಹೋಗುವ ಹಾಡಿನಲ್ಲಿ ಮೊದಲು ಉದುರಿಹೋಗುವುದು ಬರೆದವನ ಹೆಸರು. ನಮ್ಮ ಬ್ಯಾರಿ ಹಾಡುಗಳಲ್ಲೂ ಇದೇ ಆಗುತ್ತಿದೆ.

"ಏಳು ಸೆಕೆಂಡ್" ಎಂಬ ನಿಯಮ ನಮ್ಮ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಅಮೆರಿಕದ ಒಂದು ಮೇಲ್ಮನವಿ ಕೋರ್ಟು 2005ರಲ್ಲಿ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಅನುಮತಿ ಬೇಕು ಎಂದಿತು. ಇನ್ನೊಂದು ಕೋರ್ಟು 2016ರಲ್ಲಿ ಮಡೋನಾ ಅವರ ಹಾಡಿನ ಕೇಸಿನಲ್ಲಿ ಕಾಲು ಸೆಕೆಂಡಿಗಿಂತ ಕಡಿಮೆಯ ತುಣುಕು ಲೆಕ್ಕಕ್ಕಿಲ್ಲ ಎಂದಿತು. ಕೋರ್ಟುಗಳಲ್ಲೇ ಒಮ್ಮತ ಇಲ್ಲದಿರುವಾಗ ಸೆಕೆಂಡ್ ಎಣಿಸಿ ಧೈರ್ಯ ತಂದುಕೊಳ್ಳುವುದು ಬೇಡ.

"ಹೆಸರು ಹಾಕಿದ್ದೇವೆ" ಎಂಬುದು ಮರ್ಯಾದೆ, ಅನುಮತಿ ಅಲ್ಲ. ಯೂಟ್ಯೂಬಿನಲ್ಲಿ ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಮಾಲೀಕನಿಗೆ ಹೋಗುತ್ತದೆ, ಚಾನೆಲಿಗೆ ತೊಂದರೆ ಇಲ್ಲ. ಸ್ಟ್ರೈಕ್ ಬೇರೆ. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲೇ ಹೋಗಬಹುದು.

ಮದುವೆಯ ಬಗ್ಗೆ ಒಂದು ಸಮಾಧಾನದ ವಿಷಯ. ಮದುವೆ ಮತ್ತು ಅದರ ಮೆರವಣಿಗೆ, ಸಂಭ್ರಮಗಳಲ್ಲಿ ಹಾಡುವುದಕ್ಕೆ, ಹಾಡು ಹಾಕುವುದಕ್ಕೆ ಕಾಯ್ದೆಯ 52ನೇ ಸೆಕ್ಷನಿನಲ್ಲಿ ವಿನಾಯಿತಿ ಇದೆ. ಅದೇ ಹಾಡಿನ ಜೊತೆ ಮದುವೆ ವೀಡಿಯೋ ಯೂಟ್ಯೂಬಿಗೆ ಹಾಕಿದಾಗ ಈ ವಿನಾಯಿತಿ ಜೊತೆಗೆ ಬರುತ್ತದೆ ಎಂದು ತಿಳಿಯಬೇಡಿ.

ಒಂದು ಪುಟದ ಕರಾರು

ಊರಿನ ಸ್ಟುಡಿಯೋದಲ್ಲಿ ಆಲ್ಬಂ ಮಾಡುವಾಗ ಒಬ್ಬ ಬರೆಯುತ್ತಾನೆ, ಒಬ್ಬ ರಾಗ ಹಾಕುತ್ತಾನೆ, ಒಬ್ಬ ಹಾಡುತ್ತಾನೆ, ಗಲ್ಫಿನಲ್ಲಿರುವ ಒಬ್ಬರು ಖರ್ಚು ಹಾಕುತ್ತಾರೆ. ಎಲ್ಲವೂ ಬಾಯಿಮಾತು. ಹಾಡು ಓಡದಿದ್ದರೆ ಜಗಳ ಇಲ್ಲ, ಓಡಿದರೆ ಸ್ನೇಹವೇ ಹೋಗುತ್ತದೆ.

ಹಕ್ಕು ಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇದ್ದರೆ ಮಾತ್ರ ಊರ್ಜಿತ. ಯಾವ ಹಾಡು, ಯಾವ ಬಳಕೆಗೆ, ಎಷ್ಟು ಕಾಲಕ್ಕೆ, ಎಲ್ಲೆಲ್ಲಿಗೆ, ಎಷ್ಟು ಹಣ ಎಂದು ಅದರಲ್ಲಿ ಇರಲಿ. ಕಾಲ ಬರೆಯದಿದ್ದರೆ ಐದು ವರ್ಷಕ್ಕೆ ಎಂದೂ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ತಿಳಿಯುತ್ತದೆ. ನಮ್ಮ ಹಾಡು ಕೇಳುವವರಲ್ಲಿ ದೊಡ್ಡ ಪಾಲು ಗಲ್ಫಿನಲ್ಲಿರುವಾಗ ಈ ಎರಡನೆಯದು ಸಣ್ಣ ವಿಷಯ ಅಲ್ಲ.

ಸಂಗೀತದ ಬಗ್ಗೆ ನಮ್ಮಲ್ಲಿ ಅಭಿಪ್ರಾಯ ಭೇದ ಇದೆ. ಅದು ಉಲಮಾಗಳ ವಿಷಯ. ಆದರೆ ಇನ್ನೊಬ್ಬರ ಹಕ್ಕಿನ ವಿಷಯದಲ್ಲಿ ಸಂಶಯ ಬೇಡ. ಗ್ರಂಥಕರ್ತರ ಹಕ್ಕು ಶರೀಅತ್ತಿನಲ್ಲಿ ರಕ್ಷಿತ, ಅದನ್ನು ಅತಿಕ್ರಮಿಸಬಾರದು ಎಂದು ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲೇ ತೀರ್ಮಾನಿಸಿದೆ. ಮದ್ಹ್ ಹಾಡಾಗಲಿ, ಮದುವೆ ಹಾಡಾಗಲಿ, ಬರೆದವರು ಬದುಕಿದ್ದರೆ ಅವರನ್ನು, ಇಲ್ಲದಿದ್ದರೆ ಅವರ ಮನೆಯವರನ್ನು ಒಮ್ಮೆ ಕೇಳಿ, ಉತ್ತರವನ್ನು ಬರೆಸಿ ಇಟ್ಟುಕೊಳ್ಳಿ.