ಇಪ್ಪತ್ತು ರೂಪಾಯಿ ಖಾತೆಯಲ್ಲಿರಲಿ

ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ವಿಮೆಯ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಒಂದೇ: "ಸಂಘದ ಖಾತೆಯಿಂದಲೇ ಕಟ್ಟಬಹುದಲ್ಲಾ ಅಕ್ಕಾ?" ಆಗುವುದಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು ಸದಸ್ಯೆಯ ಸ್ವಂತ ಉಳಿತಾಯ ಖಾತೆಯಿಂದಲೇ ಕಡಿತವಾಗಬೇಕು. ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಅಪಘಾತದಲ್ಲಿ ಸಾವಾದರೆ ನಾಮಿನಿಗೆ 2 ಲಕ್ಷ.

ವಿಮೆಯ ವರ್ಷ ಜೂನ್ 1ರಿಂದ ಮೇ 31. ಎಡವಟ್ಟಾಗುವುದು ನವೀಕರಣದ ಹೊತ್ತಿಗೆ. ಕೂಲಿ ಹಣ ಬಂದ ದಿನವೇ ಪೂರ್ತಿ ತೆಗೆದುಬಿಟ್ಟರೆ ಕಂತು ಕಡಿತವಾಗದೆ ವಿಮೆ ನಿಂತುಹೋಗುತ್ತದೆ. ಹಾಗಾಗಿ ಜೂನ್‌ನ ಒಂದು ಸಭೆಗೆ ಎಲ್ಲರೂ ಪಾಸ್‌ಬುಕ್ ಎಂಟ್ರಿ ಮಾಡಿಸಿ ತರಲಿ. 20 ರೂಪಾಯಿ ಕಡಿತದ ಸಾಲು ಕಂಡರೆ ಮಾತ್ರ ನಿಶ್ಚಿಂತೆ.

ಹೊಲದಲ್ಲಿ ಹಾವು ಕಚ್ಚಿ ಸತ್ತರೂ ಪರಿಹಾರವುಂಟು, ಹೃದಯಾಘಾತಕ್ಕಿಲ್ಲ. ಆದರೆ ಆಸ್ಪತ್ರೆಗೆ ಒಯ್ಯದೆ ಮಣ್ಣು ಮಾಡಿದರೆ ಸಾವಿನ ಕಾರಣಕ್ಕೆ ದಾಖಲೆಯೇ ಉಳಿಯುವುದಿಲ್ಲ. ದುಃಖದ ಹೊತ್ತಲ್ಲಿ ಮನೆಯವರಿಗೆ ಇದು ಹೊಳೆಯದು, ಸಂಘದವರೇ ನೆನಪಿಸಬೇಕು.

ಪಿಂಚಣಿಗೆ ಅಟಲ್ ಪಿಂಚಣಿ ಯೋಜನೆಯಿದೆ. ಸೇರಲು ವಯಸ್ಸು 18ರಿಂದ 40. ಆದಾಯ ತೆರಿಗೆ ಕಟ್ಟುವವರಿಗಿಲ್ಲ. ಮೂವತ್ತರ ಸದಸ್ಯೆ ತಿಂಗಳಿಗೆ 116 ರೂಪಾಯಿ ಕಟ್ಟಿದರೆ ಅರವತ್ತಾದ ಮೇಲೆ ತಿಂಗಳಿಗೆ ಸಾವಿರ ಸಿಗುತ್ತದೆ. ಆಕೆಯ ನಂತರ ಗಂಡನಿಗೆ. 5 ಸಾವಿರ ಬೇಕೆಂದರೆ 577 ಕಟ್ಟಬೇಕು. ಮೂವತ್ತು ವರ್ಷ ತಪ್ಪದೆ ಕಟ್ಟಲಾಗುವ ಮೊತ್ತವನ್ನೇ ಆರಿಸುವುದು ಮೇಲು. ಸಂಘದಲ್ಲಿ ಮೂವತ್ತೊಂಬತ್ತು ದಾಟಿದವರಿದ್ದರೆ ಅವರನ್ನು ಈ ವಾರವೇ ಬ್ಯಾಂಕಿಗೆ ಕರೆದೊಯ್ಯಿರಿ.