ಆ ಕೈ ಯಾರದು?

ಕಳೆದ ತಿಂಗಳು ನಾನು ದೊಡ್ಡಪ್ಪನ ಮಗಳಿಗೆ ಒಂದು ಕ್ಷಮಾಪಣೆಯ ಓಲೆ ಬರೆದೆ. ಓಲೆಯೆಂದರೆ ಅಂಚೆಯ ಕಾಗದವಲ್ಲ, ವಾಟ್ಸ್‌ಆ್ಯಪಿನ ಕೆಲವೇ ಸಾಲು. ಅಷ್ಟನ್ನು ಬರೆಯಲು ನನಗೆ ಎರಡು ರಾತ್ರಿ ಬೇಕಾದುವು.

ನಡೆದದ್ದು ಇಷ್ಟು. ಅಕ್ಕನ ಗಂಡ, ನಮ್ಮ ಭಾವ, ತೀರಿಕೊಂಡದ್ದು 1989ರಲ್ಲಿ. ಆಗ ಅವರಿಗೆ ಮೂವತ್ತೆರಡು. ಮದುವೆಯ ಚಿತ್ರಗಳೆಲ್ಲ ಒಂದು ಮಳೆಗಾಲದಲ್ಲಿ ಮಾಡು ಸೋರಿ ಹಾಳಾಗಿದ್ದುವು. ದೊಡ್ಡಪ್ಪನ ಮನೆಯ ಅಟ್ಟದ ಟ್ರಂಕಿನಲ್ಲಿ ಭಾವನ ಕಪ್ಪುಬಿಳುಪು ಚಿತ್ರವೊಂದು ನನಗೆ ಸಿಕ್ಕಿತು. ಸ್ಟುಡಿಯೋದಲ್ಲಿ ತೆಗೆಸಿದ್ದು, ಎದೆಯವರೆಗೆ ಮಾತ್ರ. ಮೊಮ್ಮಗನ ನಾಮಕರಣದ ದಿನ ಅಂಗಳದಲ್ಲಿ ನಿಂತ ಅಕ್ಕನ ಚಿತ್ರ ನನ್ನ ಫೋನಿನಲ್ಲಿತ್ತು. ಎರಡನ್ನೂ ಕೂಡಿಸಿ, ಬಣ್ಣ ತುಂಬಿ, ಅವರ ಮದುವೆಯ ದಿನದಂದು ಕುಟುಂಬದ ಗುಂಪಿಗೆ ಹಾಕಿದೆ. ಅಕ್ಕನನ್ನು ಕೇಳಲಿಲ್ಲ. ಕೇಳಿದರೆ ಅಚ್ಚರಿ ಹಾಳಾದೀತೆಂದು ಸಮಾಧಾನ ಹೇಳಿಕೊಂಡೆ.

ಬಂಧುಗಳೆಲ್ಲ ಕೊಂಡಾಡಿದರು. ಅಕ್ಕ ಮಾತ್ರ ಮೌನವಾಗಿದ್ದಳು. ಮರುದಿನ ನನಗೊಬ್ಬನಿಗೇ ಒಂದು ಪ್ರಶ್ನೆ ಬಂತು: “ಹೆಗಲ ಮೇಲಿರುವ ಆ ಕೈ ಯಾರದು?”

ಚಿತ್ರಗಳನ್ನು ಜೋಡಿಸುವವನು ಎಲ್ಲಿ ಸಿಕ್ಕಿಬೀಳುತ್ತಾನೆಂಬುದು ನನಗೆ ಆಗ ತಿಳಿಯಿತು. ಸ್ಟುಡಿಯೋದ ಬೆಳಕು ಭಾವನ ಮುಖಕ್ಕೆ ಒಂದು ಕಡೆಯಿಂದ ಬಿದ್ದಿತ್ತು; ಅಂಗಳದ ಬಿಸಿಲು ಅಕ್ಕನಿಗೆ ಇನ್ನೊಂದು ಕಡೆಯಿಂದ. ನೆರಳುಗಳು ಹೊಂದಲೆಂದು ನಾನು ಭಾವನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದೆ. ನೆರಳೇನೋ ಹೊಂದಿತು; ಆದರೆ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಯಿತು, ಬೈತಲೆ ಪಕ್ಕ ಬದಲಾಯಿಸಿತು, ಅಂಗಿಯ ಗುಂಡಿಪಟ್ಟಿ ಹೆಂಗಸರ ರವಿಕೆಯಂತೆ ಅದಲುಬದಲಾಯಿತು. ನೋಡಿದ ಇಷ್ಟು ಜನರಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಆ ಮುಖದೊಡನೆ ಬಾಳಿದವಳಿಗೆ ಕಾಣದಿರುತ್ತದೆಯೆ? ಇನ್ನು, ಎದೆಯವರೆಗಿನ ಚಿತ್ರದಲ್ಲಿ ಕೈ ಎಲ್ಲಿಂದ ಬರಬೇಕು? ಅದು ನನ್ನದೇ ಕೈ. ಮಗಳಿಂದ ಫೋಟೋ ತೆಗೆಸಿ ಅಂಟಿಸಿದ್ದೆ.

ಇಂಥ ಜೋಡಣೆ ಹೊಸದಲ್ಲ. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವುಗಳನ್ನು ಕೂಡಿಸಿ, ಸಾಯುತ್ತಿರುವ ತರುಣಿಯೊಬ್ಬಳ ಚಿತ್ರವನ್ನು ರಚಿಸಿದ. ಇಷ್ಟು ಖಾಸಗಿಯಾದ ನೋವನ್ನು ಹೀಗೆ ತೋರಿಸಬಹುದೆ ಎಂಬ ಆಕ್ಷೇಪ ಅಂದೇ ಎದ್ದಿತು. ಆದರೆ ಆ ತರುಣಿ ಆರೋಗ್ಯವಂತೆ. ಪಾತ್ರಕ್ಕೆ ಒಪ್ಪಿ ಕ್ಯಾಮರಾದ ಮುಂದೆ ಕುಳಿತವಳು. ನಮ್ಮ ಅಕ್ಕನನ್ನು ಯಾರು ಒಪ್ಪಿಸಿದ್ದರು?

ಮೊದಲ ರಾತ್ರಿ ನಾನು ಬರೆದದ್ದು: “ನಿನ್ನ ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸು, ಒಳ್ಳೆಯ ಉದ್ದೇಶದಿಂದಲೇ ಮಾಡಿದೆ.” ಓದಿ ನೋಡಿದೆ. ‘ಆಗಿದ್ದರೆ’ ಎಂಬ ಒಂದು ಮಾತು ತಪ್ಪನ್ನು ನನ್ನ ಕೈಯಿಂದ ಅವಳ ಮನಸ್ಸಿಗೆ ದಾಟಿಸಿಬಿಟ್ಟಿತ್ತು. ಉದ್ದೇಶದ ಮಾತೋ, ಅವಳು ಕೇಳದೆಯೇ ನಾನು ಕೊಟ್ಟ ಸಾಕ್ಷ್ಯ. ಅಳಿಸಿದೆ. ಎರಡನೆಯ ರಾತ್ರಿ ಬರೆದು ಕಳುಹಿಸಿದ್ದು ಇದು:

“ಅಕ್ಕ, ಆ ಕೈ ನನ್ನದು. ಭಾವನ ಮುಖವನ್ನು ತಿರುಗಿಸಿದವನೂ ನಾನೇ; ಮಚ್ಚೆ ಆ ಕಡೆ ಹೋದದ್ದು ಅದರಿಂದ. ನಿನ್ನನ್ನು ಕೇಳದೆ ಎಲ್ಲರಿಗೂ ತೋರಿಸಿದ್ದು ತಪ್ಪು. ಗುಂಪಿನಿಂದ ಅಳಿಸಿದ್ದೇನೆ. ಆದರೆ ತಮ್ಮ ಫೋನಿನಲ್ಲಿ ಉಳಿಸಿಕೊಂಡವರ ಪ್ರತಿ ಅದರಿಂದ ಹೋಗುವುದಿಲ್ಲ. ಬೇರೆಯವರಿಗೆ ಕಳುಹಿಸಿದೆವೆಂದ ನಾಲ್ವರಿಗೆ ಮಾತನಾಡಿದ್ದೇನೆ, ಮೂವರು ತೆಗೆದಿದ್ದಾರೆ. ಒಬ್ಬರು ಅಚ್ಚು ಹಾಕಿಸಿದ್ದಾರೆ. ನಾಳೆ ಹೋಗಿ ಕೇಳಿ ತರುತ್ತೇನೆ. ಉಳಿದದ್ದು ಎಲ್ಲೆಲ್ಲಿದೆಯೋ ನಾನರಿಯೆ. ಎಲ್ಲವನ್ನೂ ಹಿಂದಕ್ಕೆ ತಂದೆನೆಂದು ಸುಳ್ಳು ಹೇಳಲಾರೆ. ನೀನು ಉತ್ತರ ಬರೆಯಬೇಕೆಂದೇನೂ ಇಲ್ಲ.”

ಅಳಿಸುವುದಕ್ಕೂ ಅವಧಿಯುಂಟು. ಕಳುಹಿಸಿ ಎರಡು ದಿನ, ಮೇಲೆ ಕೆಲವು ಗಂಟೆ ಕಳೆದರೆ ಎಲ್ಲರ ಫೋನಿನಿಂದ ತೆಗೆಯುವ ಅಧಿಕಾರ ಕಳುಹಿಸಿದವನಿಗೂ ಇರುವುದಿಲ್ಲ. ಅಕ್ಕನ ಪ್ರಶ್ನೆ ಮರುದಿನವೇ ಬಂದದ್ದರಿಂದ ಅಷ್ಟಾದರೂ ಸಾಧ್ಯವಾಯಿತು. ಅವಳು ಇನ್ನೆರಡು ದಿನ ನುಂಗಿಕೊಂಡಿದ್ದರೆ ಅದೂ ಆಗುತ್ತಿರಲಿಲ್ಲ.

ನಾಲ್ಕು ದಿನ ಉತ್ತರವಿರಲಿಲ್ಲ. ಐದನೆಯ ದಿನ ಬಂತು: “ಅವರು ನಾಲ್ಕು ಜನರೆದುರು ನನ್ನ ಹೆಗಲ ಮೇಲೆ ಕೈಯಿಟ್ಟವರಲ್ಲ. ಅದು ನಿನಗೆ ಗೊತ್ತಿರಲಿಲ್ಲ. ಟ್ರಂಕಿನಲ್ಲಿ ಸಿಕ್ಕ ಚಿತ್ರವನ್ನು ಇದ್ದ ಹಾಗೆಯೇ ನನಗೆ ತಂದುಕೊಡು. ಬೇರೆ ಯಾರಿಗೂ ಬೇಡ.”

ಮುಂದಿನ ಭಾನುವಾರ ಕೊಂಡುಹೋಗಿ ಕೊಟ್ಟೆ. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮಚ್ಚೆ ಎಡಗೆನ್ನೆಯಲ್ಲಿತ್ತು.