ಬೀರುವಿನ ಮುಂದೆ ನಿಂತು: ಪ್ರಾಂಶುಪಾಲರಿಗೊಂದು ಪತ್ರ

ಮಾನ್ಯ ಪ್ರಾಂಶುಪಾಲರಿಗೆ,

ರಸಾಯನಶಾಸ್ತ್ರ ಪ್ರಯೋಗಾಲಯದ ದಾಸ್ತಾನು ತಪಾಸಣೆ ಮುಗಿಯಿತು. ಲೆಕ್ಕದ ಹಾಳೆಯನ್ನಷ್ಟೇ ಕಳಿಸಿದರೆ ಹೆಚ್ಚಿನದೆಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಅದಕ್ಕೇ ಬೀರುವಿನ ಮುಂದೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಬೀರುವಿನ ಬಾಗಿಲು ತೆರೆದರೆ ಮೊದಲು ಮೂಗಿಗೆ ಬಡಿಯುವುದು ಹುಳಿ ಬೆರೆತ ಘಾಟು. ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಅಮೋನಿಯಾದ ಆವಿಯೂ ಒಳಗೇ ಕೂಡಿಕೊಂಡು, ಬಿಳಿಯ ನಯವಾದ ಪುಡಿಯಾಗಿ ಸುತ್ತಲಿನ ಬಾಟಲಿಗಳ ಹೆಗಲ ಮೇಲೆಲ್ಲ ಕೂತಿದೆ. ಅಟೆಂಡರ್ ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ, ಚೀಟಿಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಬೆಂಚಿನ ಮೇಲಿಡುತ್ತಿದ್ದರು. ಗಾಜಿಗೆ ಗಾಜು ತಾಗುವ ಸದ್ದು, ಬಿಗಿದ ಬಿರಡೆ ಕಿರುಗುಟ್ಟುತ್ತಾ ಸಡಿಲವಾಗುವ ಸದ್ದು, ನಡುವೆ ರಿಜಿಸ್ಟರಿನ ಮೇಲೆ ನನ್ನ ಪೆನ್ನಿನ ಗೀಚು.

ಫೆರಸ್ ಸಲ್ಫೇಟಿನ ಬಾಟಲಿ ತೂಕದಲ್ಲಿ ಏನೂ ಕಡಿಮೆಯಿಲ್ಲ. ಆದರೆ ಮುಚ್ಚಳ ತೆಗೆದು ಒಳಗೆ ನೋಡಬೇಕು. ತಿಳಿಹಸಿರು ಹರಳುಗಳಿರಬೇಕಾದ ಕಡೆ ತುಕ್ಕಿನ ಬಣ್ಣದ ಗಟ್ಟಿ ಹೆಂಟೆ. ಮುಚ್ಚಳದ ಸಂದಿಯಿಂದ ನುಗ್ಗಿದ ಗಾಳಿ, ತೇವ ಸೇರಿ ಫೆರಸ್ ಕಬ್ಬಿಣವನ್ನು ಫೆರಿಕ್ ಮಾಡಿಬಿಟ್ಟಿವೆ. ಆದರೂ ಬಣ್ಣವೊಂದನ್ನೇ ನಂಬಬಾರದೆಂದು ನೈಟ್ರೇಟಿನ ಕಂದು ಉಂಗುರದ ಪರೀಕ್ಷೆ ಮಾಡಿದೆ. ಪೊಟ್ಯಾಸಿಯಂ ನೈಟ್ರೇಟಿನ ದ್ರಾವಣಕ್ಕೆ ಈ ಫೆರಸ್ ಸಲ್ಫೇಟ್ ಬೆರೆಸಿ, ಓರೆಯಾಗಿ ಹಿಡಿದ ಪ್ರನಾಳದ ಗೋಡೆಗುಂಟ ಗಂಧಕಾಮ್ಲವನ್ನು ನಿಧಾನಕ್ಕೆ ಇಳಿಬಿಟ್ಟೆ. ಆಮ್ಲ ತಳಕ್ಕೆ ಹೋಗಿ ನಿಂತಿತು, ಎರಡು ಪದರಗಳ ನಡುವಿನ ಗೆರೆ ಸ್ಪಷ್ಟವಾಯಿತು, ಉಂಗುರ ಮಾತ್ರ ಮೂಡಲಿಲ್ಲ. ಇದೇ ಬಾಟಲಿ ಪರೀಕ್ಷೆಯ ದಿನ ವಿದ್ಯಾರ್ಥಿನಿಯೊಬ್ಬಳ ಕೈಗೆ ಹೋದರೆ, ಹೇಳಿಕೊಟ್ಟಂತೆಯೇ ಮಾಡಿಯೂ ಅವಳು ‘ನೈಟ್ರೇಟ್ ಇಲ್ಲ’ ಎಂದು ಬರೆಯುತ್ತಾಳೆ. ಅಂಕ ಅವಳದು ಹೋಗುತ್ತದೆ, ದೋಷ ಬಾಟಲಿಯದು.

ಅಮೋನಿಯಾದ ಬಾಟಲಿಯೂ ಅರ್ಧಕ್ಕಿಂತ ಹೆಚ್ಚು ತುಂಬಿದೆ, ಆದರೆ ತೆರೆದಾಗ ಕಣ್ಣಲ್ಲಿ ನೀರು ತರಿಸುವ ಆ ಖಾರ ಇಲ್ಲ. ಚೀಟಿಯ ಮೇಲೆ ಶೇಕಡಾ 25 ಎಂದಿದೆ. ಹಾಗಿದ್ದರೆ, 10 ಮಿಲಿಲೀಟರನ್ನು ಒಂದು ಲೀಟರಿಗೆ ತೆಳುವಾಗಿಸಿ, ಅದರಲ್ಲಿ ಮತ್ತೆ 10 ಮಿಲಿಲೀಟರ್ ತೆಗೆದುಕೊಂಡು ಮೀಥೈಲ್ ಆರೆಂಜ್ ಹಾಕಿ ನೋಡಿದಾಗ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 13 ಮಿಲಿಲೀಟರಿಗಿಂತ ತುಸು ಹೆಚ್ಚು ಬೇಕು. ನಮ್ಮ ಬ್ಯೂರೆಟ್ಟಿನಲ್ಲಿ 6 ದಾಟುವ ಮೊದಲೇ ಹಳದಿ ಕೆಂಪಾಯಿತು. ಅಂದರೆ ಅರ್ಧಕ್ಕಿಂತ ಹೆಚ್ಚು ಅಮೋನಿಯಾ ಹಾರಿಹೋಗಿ ಉಳಿದಿರುವುದು ಬಹುಪಾಲು ನೀರು. ಮಕ್ಕಳು ಎಂದಿನ ಲೆಕ್ಕದಲ್ಲಿ ಹನಿ ಹಾಕಿದರೆ ಆಮ್ಲವೇ ಪೂರ್ತಿ ತಟಸ್ಥವಾಗದೆ, ಅಲ್ಯೂಮಿನಿಯಂನ ಬಿಳಿ ಲೋಳೆಯಂಥ ಒತ್ತರ ಕಾಣದೇ ಹೋಗಬಹುದು.

ನಿಜಕ್ಕೂ ಖಾಲಿಯಾಗಿರುವುದು ಸಿಲ್ವರ್ ನೈಟ್ರೇಟ್. ಕಂದು ಗಾಜಿನ ಆ ಪುಟ್ಟ ಬಾಟಲಿಯ ತಳದಲ್ಲಿ ಚಿಟಿಕೆಯಷ್ಟು ಹರಳು ಅಂಟಿಕೊಂಡಿದೆ, ಅದೂ ಬೆಳಕು ತಾಗಿ ಕಪ್ಪಾಗಿದೆ. ಬೆಳ್ಳಿಯ ಲವಣವಾದ್ದರಿಂದ ಇದರ ಬೆಲೆಯೇ ಎಲ್ಲಕ್ಕಿಂತ ಹೆಚ್ಚು, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. ಕ್ಲೋರೈಡಿನ ಪರೀಕ್ಷೆಗೆ 0.05 ಮೋಲಾರ್ ದ್ರಾವಣ ಸಾಕು, ಲೀಟರಿಗೆ 8.5 ಗ್ರಾಂ. 60 ವಿದ್ಯಾರ್ಥಿಗಳು ತಲಾ 4 ಮಿಲಿಲೀಟರ್ ಬಳಸಿದರೆ ಒಂದು ಸುತ್ತಿಗೆ 240 ಮಿಲಿಲೀಟರ್. ಅಭ್ಯಾಸದ ಆರು ಸುತ್ತು, ಪರೀಕ್ಷೆಯ ಒಂದು ಸುತ್ತು ಸೇರಿ 1,680. ಚೆಲ್ಲಿದ್ದು, ಮತ್ತೆ ಮಾಡಿದ್ದು ಸೇರಿಸಿ ಎರಡು ಲೀಟರ್ ಇಟ್ಟುಕೊಂಡರೂ 17 ಗ್ರಾಂ. 25 ಗ್ರಾಮಿನ ಒಂದೇ ಬಾಟಲಿ ವರ್ಷಕ್ಕೆ ಸಾಕು, ಅದಕ್ಕಿಂತ ದೊಡ್ಡದು ತರುವುದೇ ಬೇಡ. ಹನಿಹಾಕುವ ಸಣ್ಣ ಬಾಟಲಿಗಳಿಗೆ ಹಂಚಿಕೊಟ್ಟರೆ ಪೋಲಾಗುವುದೂ ತಗ್ಗುತ್ತದೆ.

ಇದರ ಜೊತೆಗೆ ಡಿಸ್ಟಿಲ್ಡ್ ವಾಟರ್ ಬೇಕೇ ಬೇಕು. ನಮ್ಮ ಬೋರ್‌ವೆಲ್ ನೀರಿಗೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಬಿದ್ದರೆ ಹಾಲು ಸೋಂಕಿದಂತೆ ಬೆಳ್ಳಗಾಗುತ್ತದೆ. ಆ ನೀರಲ್ಲಿ ದ್ರಾವಣ ಮಾಡಿದರೆ ಯಾವ ಲವಣ ಕೊಟ್ಟರೂ ಕ್ಲೋರೈಡೇ ಸಿಗುತ್ತದೆ.

ಉಳಿದವು ಚೆನ್ನಾಗಿವೆ. ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ಹರಳು, ಆಕ್ಸಾಲಿಕ್ ಆಮ್ಲ, ಬೇರಿಯಂ ಕ್ಲೋರೈಡ್ ಇನ್ನೆರಡು ವರ್ಷಕ್ಕೆ ಬಂದಾವು. ಅವನ್ನು ಪಟ್ಟಿಯಿಂದ ತೆಗೆದಿದ್ದೇನೆ. ಅಮೋನಿಯಾವನ್ನು ಆಮ್ಲದಿಂದ ದೂರ, ಕಿಟಕಿ ಬದಿಯ ಇನ್ನೊಂದು ಬೀರುವಿಗೆ ಬದಲಾಯಿಸಿದ್ದೂ ಆಗಿದೆ.

ಆದ್ದರಿಂದ ಸಿಲ್ವರ್ ನೈಟ್ರೇಟ್ 25 ಗ್ರಾಂ, ಫೆರಸ್ ಸಲ್ಫೇಟ್ 500 ಗ್ರಾಂ, ಅಮೋನಿಯಾ ದ್ರಾವಣ 500 ಮಿಲಿಲೀಟರ್, ಡಿಸ್ಟಿಲ್ಡ್ ವಾಟರ್ 20 ಲೀಟರ್ ಖರೀದಿಗೆ, ಲಗತ್ತಿಸಿರುವ ಮೂರು ದರಪಟ್ಟಿಗಳಲ್ಲಿ ಕಡಿಮೆ ದರದ್ದಕ್ಕೆ ಪ್ರಯೋಗಾಲಯ ನಿಧಿಯಿಂದ ಹಣ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಲವಣ ವಿಶ್ಲೇಷಣೆಯ ಮೊದಲ ತರಗತಿಗೆ ಮುಂಚೆಯೇ ಇವು ಬಂದರೆ, ಪ್ರತಿಯೊಂದನ್ನೂ ಪರೀಕ್ಷಿಸಿ, ತೆರೆದ ತಾರೀಕನ್ನು ಚೀಟಿಯ ಮೇಲೆ ಬರೆದು ಮಕ್ಕಳ ಕೈಗೆ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಪ್ರಯೋಗಾಲಯದ ಉಸ್ತುವಾರಿ ಶಿಕ್ಷಕಿ